ಹಂಸಪಾದ ಮಹಾತ್ಮೆ

ತೀರ್ಥಹಳ್ಳಿ ಕಡೆಯದೊಂದು ಅಡಿಕೆ ತೋಟದ ಕ್ರಯಪತ್ರ. ತೋಟದ ಪೂರ್ವಕ್ಕಿದ್ದ ಹಳ್ಳ, ನಾಲ್ಕು ದಿಕ್ಕಿನ ಗಡಿ ಹೇಳುವ ಚೆಕ್ಕುಬಂದಿಯ ಟೈಪಿಂಗ್‌ನಲ್ಲಿ ಪಶ್ಚಿಮಕ್ಕೆ ಹರಿದಿತ್ತು. ಆಗುಂಬೆಯ ಮಳೆಗೂ ಆಗದ ಕೆಲಸವನ್ನು ಕೀಬೋರ್ಡ್ ಮಾಡಿ ಮುಗಿಸಿತ್ತು. ಜತೆಗೆ 1 ಎಕರೆ 12 ಗುಂಟೆಯ ತೋಟ 1 ಎಕರೆ 17 ಗುಂಟೆಗೆ ಬೆಳೆದಿತ್ತು.

ಆ ಒಂದು ಪುಟವನ್ನು ಮತ್ತೆ ಪ್ರಿಂಟ್ ತೆಗೆದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ "ಇಷ್ಟಕ್ಕೆಲ್ಲ ಯಾಕೆ ಮಾರಾಯ್ರೆ?" ಎನ್ನುತ್ತಾ ಪತ್ರ ಬರೆಯುವವರು ವೈಟ್ನರ್ ತೆಗೆದರು. ಹಳ್ಳಕ್ಕೆ ಬಿಳಿ ಬಣ್ಣ ಬಳಿದು, ಫ್ಯಾನಿನ ಕೆಳಗೆ ಒಣಗಿಸಿ, ಮೇಲೆ ಹೊಸ ದಿಕ್ಕು ಬರೆದರು. 7ರ ತಲೆಯ ಮೇಲೇ 2 ಕೂರಿಸಿದರು. ಈಗ ಅದನ್ನು ಕೊಂಡವರು 17 ಎಂದೂ ಮಾರಿದವರು 12 ಎಂದೂ ಓದಿಕೊಳ್ಳಬಹುದು, ಸರ್ವಸಮ್ಮತ ಅಂಕಿ!

ಆಮೇಲೆ ಸಣ್ಣ ಸಹಿಗಳ ಸಂಭ್ರಮ. ಪತ್ರ ಬರೆದವರು ಹಾಕಿದರು, ಸಾಕ್ಷಿ ಹಾಕಿದರು, ಬ್ರೋಕರ್ ಕೂಡ ಕೈಯಾಡಿಸಿದರು. ಹಾಕದವರು ಒಬ್ಬರೇ, ತೋಟ ಮಾರಿದವರು. ಅವರು ಕಾಫಿಗೆ ಹೋಗಿದ್ದರು. 1908ರ ನೋಂದಣಿ ಕಾಯ್ದೆಯ 20ನೇ ಕಲಂ ಕೇಳುವುದು ಆ ಕಾಫಿಗೆ ಹೋದವರನ್ನೇ. ಸಾಲುಗಳ ನಡುವೆ ಸೇರಿಸಿದ್ದು, ಖಾಲಿ ಬಿಟ್ಟದ್ದು, ಅಳಿಸಿದ್ದು, ಬದಲಿಸಿದ್ದು, ಇವಕ್ಕೆಲ್ಲ ಪತ್ರ ಬರೆದುಕೊಟ್ಟವರ, ಅಂದರೆ ಇಲ್ಲಿ ತೋಟ ಮಾರಿದವರ, ಸಹಿಯೋ ಸಣ್ಣ ಸಹಿಯೋ ಇಲ್ಲದಿದ್ದರೆ ಸಬ್‌ರಿಜಿಸ್ಟ್ರಾರ್ ಪತ್ರವನ್ನು ವಾಪಸು ಕೊಡಬಹುದು. ಕೊಂಡವರೂ ಸಹಿ ಹಾಕುವ ಪತ್ರವಾದರೆ ಅವರ ಸಣ್ಣ ಸಹಿಯೂ ಇರಲಿ, ನಾಳೆ "ನಂಗೊತ್ತಿಲ್ಲ" ಅನ್ನಲು ಬಾಯಿರುವುದಿಲ್ಲ.

ಇನ್ನು ಕೆಲವರು ಮಹಾ ಮುಂದಾಲೋಚನೆಯವರು. ಮುಂದೆ ತಪ್ಪು ಸಿಕ್ಕರೆ ಇರಲಿ ಎಂದು ತಪ್ಪೇ ಇಲ್ಲದ ಅಂಚಿನಲ್ಲೂ ಸಣ್ಣ ಸಹಿ ಹಾಕಿಸಿಟ್ಟುಕೊಳ್ಳುತ್ತಾರೆ. ಬೇಲಿ ಹಾಕುವ ಮುಂಚೆ ದನ ಕರೆದಂತೆ.

ಪೆನ್ನಿನಲ್ಲೇ ತಿದ್ದುವುದಾದರೆ ವೈಟ್ನರ್ ಮುಟ್ಟಬಾರದು, ಅಕ್ಷರದ ಮೇಲೆ ಅಕ್ಷರ ಏರಿಸಬಾರದು. ತಪ್ಪು ಪದದ ಮೇಲೆ ಒಂದೇ ಗೆರೆ, ಹಳೆಯದು ಓದುವಂತಿರಬೇಕು. ಸರಿಯಾದದ್ದನ್ನು ಹಂಸಪಾದದ ಗುರುತು ಹಾಕಿ ಮೇಲೆ ಬರೆದು, ಪಕ್ಕದಲ್ಲೇ ಸಣ್ಣ ಸಹಿ. ಅಂಕಿ ತಿದ್ದಿದರೆ ಅದರ ಅಕ್ಷರರೂಪವನ್ನೂ ತಿದ್ದಬೇಕು. ಇಲ್ಲವಾದರೆ ಅಂಕಿಯಲ್ಲಿ ಹನ್ನೆರಡು, ಅಕ್ಷರದಲ್ಲಿ ಹದಿನೇಳು ಗುಂಟೆ ಉಳಿಯುತ್ತದೆ. ಕೊನೆಯಲ್ಲಿ, ಪೂರ್ಣ ಸಹಿಗೆ ಮುಂಚೆ, "2ನೇ ಪುಟದ 9ನೇ ಸಾಲಿನಲ್ಲಿ 'ಪಶ್ಚಿಮ' ಹೊಡೆದು 'ಪೂರ್ವ' ಎಂದು ತಿದ್ದಿದೆ" ಎಂಬ ಷರಾ ಬರೆಯುವುದು ಒಳ್ಳೆಯದು. ಎಲ್ಲ ಪ್ರತಿಗಳಲ್ಲೂ ಇದೇ ತಿದ್ದುಪಡಿ ಇರಬೇಕು. ಆದರೂ ಚೆಕ್ಕುಬಂದಿ, ವಿಸ್ತೀರ್ಣ, ಹಣ ಈ ಮೂರಕ್ಕೆ ನನ್ನ ಮಟ್ಟಿಗೆ ಹಂಸಪಾದವೇ ಬೇಡ, ಪುಟ ಬದಲಿಸಿ.

ಇದೆಲ್ಲ ಸಹಿಗೆ ಮುಂಚಿನ ಮಾತು. ನೋಂದಣಿಯಾದ ಮೇಲೆ ಪೆನ್ನು ಆಡಿಸಿದರೆ ಅದನ್ನು ಯಾರೂ ತಿದ್ದುಪಡಿ ಅನ್ನುವುದಿಲ್ಲ, ತಿರುಚಿದ್ದು ಅನ್ನುತ್ತಾರೆ. ಆಗ ಬೇರೆ ತಿದ್ದುಪಡಿ ಪತ್ರವನ್ನೇ ಬರೆಸಿ ನೋಂದಾಯಿಸಬೇಕು, ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು. ಅಷ್ಟರಲ್ಲಿ ಅವರು ಬೆಂಗಳೂರಿನ ಮಗನ ಮನೆ ಸೇರಿರುತ್ತಾರೆ. ಫೋನ್ ಮಾಡಿದರೆ ಮೊದಲು ಕೇಳುವುದು, "ಅಡಿಕೆಗೆ ಈಗ ಎಷ್ಟಿದೆ ರೇಟು?"