ಪ್ರಯೋಗದ ಅವಧಿ ಮಳೆಗಾಲದಲ್ಲೇ ಇರಲಿ

"ಮಡಿಕೇರಿಯಿಂದಲೇ ಕೆಲಸ ಮಾಡ್ತೀನಿ ಅಂತ ಮ್ಯಾನೇಜರ್‌ಗೆ ಬರೀಬೇಕು. ಅವರು ಒಪ್ಪುವ ಹಾಗೆ ಹೇಗೆ ಬರೆಯಲಿ?"

ನಾನು ಸೋಮವಾರಪೇಟೆಯಿಂದ ಬೆಂಗಳೂರಿನ ಕಂಪನಿಯೊಂದಕ್ಕೆ ಗ್ರಾಹಕರ ದೂರು ನೋಡುತ್ತೇನೆ. ಮೊದಲ ಮನವಿಯಲ್ಲಿ ಅಮ್ಮನ ಆರೋಗ್ಯ, ಪಿಜಿ ಬಾಡಿಗೆ ಅಂತ ಬರೆದೆ. ಆಗಲಿಲ್ಲ. ಅದರಲ್ಲಿ ನನ್ನ ಕಷ್ಟವಿತ್ತು, ಅವರ ಆತಂಕಕ್ಕೆ ಉತ್ತರವಿರಲಿಲ್ಲ.

ಎರಡನೇ ಸಲ ಪ್ರಯೋಗಕ್ಕೆ ಅಂತ ಜೂನ್, ಜುಲೈನ 8 ವಾರ ಮಾತ್ರ ಮನೆಯಿಂದ ಕೆಲಸ ಕೇಳಿದೆ. ಕರೆಂಟ್ ಹೋಗುವ ಕಾಲ ಅದೇ ಅಲ್ವಾ? ಜನವರಿಯಲ್ಲಿ ಗೆದ್ದರೆ ಯಾರೂ ನಂಬುವುದಿಲ್ಲ.

ಅಳತೆಗೆ ತಂಡ ಮೊದಲೇ ಲೆಕ್ಕ ಇಡುತ್ತಿದ್ದ ಅಂಕಿಯನ್ನೇ ತೆಗೆದುಕೊಂಡೆ: 2 ಗಂಟೆಯೊಳಗೆ ಮೊದಲ ಉತ್ತರ. ಆಫೀಸಿನಲ್ಲಿ ಹಿಂದಿನ 3 ತಿಂಗಳು ಅದು ನೂರಕ್ಕೆ 88 ಇತ್ತು. ಅದಕ್ಕಿಂತ ಕಡಿಮೆಯಾಗದು ಅಂತ ಬರೆದೆ. ಸತತ 2 ವಾರ 85ಕ್ಕಿಂತ ಇಳಿದರೆ ಮುಂದಿನ ಸೋಮವಾರವೇ ಆಫೀಸಿಗೆ ಬರುತ್ತೇನೆ ಎಂದೂ ಸೇರಿಸಿದೆ. ಒಪ್ಪಿಸಿದ್ದು ಈ ಸಾಲೇ. ಹಿಂದೆ ಸರಿಯುವ ದಾರಿ ಇದ್ದರೆ ಹೂಂ ಅನ್ನುವುದು ಅವರಿಗೂ ಸುಲಭ. ದಿನವಿಡೀ ಆನ್‌ಲೈನ್ ಇರ್ತೀನಿ ಅಂತ ಮಾತ್ರ ಬರೆಯಬೇಡಿ, ಅದು ಕೆಲಸದ ಅಳತೆಯಲ್ಲ.

ಮೂರನೇ ವಾರ ಮರ ಬಿದ್ದು ಫೈಬರ್ ಕೇಬಲ್ ತುಂಡಾಯಿತು. ಇನ್ವರ್ಟರ್ ಇದ್ದೂ ಪ್ರಯೋಜನವಾಗಲಿಲ್ಲ, ಮೊಬೈಲ್ ಸಿಗ್ನಲ್ಲೂ ಹೋಗಿತ್ತು. ಮನವಿಯಲ್ಲಿ ಹೇಳಿದ್ದಂತೆ ಕುಶಾಲನಗರದ ಚಿಕ್ಕಮ್ಮನ ಮನೆಗೆ ಹೋಗಿ ಕೂತೆ. ಆ ವಾರ 84 ಬಂತು. ಶುಕ್ರವಾರದ ಮೇಲ್‌ನಲ್ಲಿ ಅದನ್ನೂ, ಕಾರಣವನ್ನೂ ಹಾಗೇ ಬರೆದೆ. ಮುಂದಿನ ವಾರ 90 ಆಯಿತು.