ತೊಗರಿ ಲಾರಿಗೆ ‘ಬೇಡ’ ಅನ್ನೋ ಅಧಿಕಾರ ಯಾರದು?

ನಮ್ಮ ಕಲಬುರಗಿ ಭಾಗದ ಬೇಳೆ ಮಿಲ್‌ಗಳು ಈಗ ವಿಭಾಗಗಳನ್ನು ಹೊಸದಾಗಿ ಹೊಂದಿಸುವ ಮಾತಾಡುತ್ತಿದ್ದರೆ, ಮೊದಲು ಹುದ್ದೆಗಳ ಚಾರ್ಟ್ ಬರೆಯಬೇಡಿ. ಕಪಾಟಿನಲ್ಲಿರುವ ಜಾಬ್ ಡಿಸ್ಕ್ರಿಪ್ಷನ್‌ಗಳನ್ನೆಲ್ಲ ಹೊರಗೆ ತೆಗೆದು ಪಕ್ಕಪಕ್ಕ ಇಡಿ. ಹುದ್ದೆಯ ಹೆಸರು ನೋಡಿ ಹೋಲಿಸಿದರೆ ಏನೂ ಸಿಗುವುದಿಲ್ಲ, ಒಂದೊಂದು ವಾಕ್ಯ ಹಿಡಿದು ಹೋಲಿಸಬೇಕು.

ಉದಾಹರಣೆಗೆ ನಾಲ್ಕು ಹುದ್ದೆ ತೆಗೆದುಕೊಳ್ಳೋಣ. ಖರೀದಿ ಮ್ಯಾನೇಜರ್ ಕಾಗದದಲ್ಲಿ ‘ಗುಣಮಟ್ಟ ಖಚಿತಪಡಿಸಿಕೊಂಡು ತೊಗರಿ ಖರೀದಿಸುವುದು’ ಎಂದಿರುತ್ತದೆ. ಗೋದಾಮು ಇನ್‌ಚಾರ್ಜ್‌ಗೆ ‘ಬಂದ ಮಾಲು ಪರಿಶೀಲಿಸಿ ಇಳಿಸಿಕೊಳ್ಳುವುದು’. ಕ್ವಾಲಿಟಿ ಇನ್‌ಚಾರ್ಜ್‌ಗೆ ‘ಮಾಲಿನ ಗುಣಮಟ್ಟ ನೋಡಿಕೊಳ್ಳುವುದು’. ಮಿಲ್ ಸೂಪರ್‌ವೈಸರ್‌ಗೆ ‘ಮಷೀನಿಗೆ ಹಾಕುವ ಮೊದಲು ಕಾಳು ಪರೀಕ್ಷಿಸುವುದು’. ಖಚಿತ, ಪರಿಶೀಲನೆ, ನೋಡಿಕೊಳ್ಳುವುದು, ಪರೀಕ್ಷೆ: ಪದ ನಾಲ್ಕು, ಕೆಲಸ ಒಂದೇ. ಕಂಪ್ಯೂಟರಿನಲ್ಲಿ ಪದ ಹುಡುಕಿದರೆ ಒಂದೇ ಕೆಲಸ ನಾಲ್ಕು ಕಡೆ ಇರುವುದು ಕಣ್ಣಿಗೆ ಬೀಳುವುದಿಲ್ಲ.

ಈಗ ಮಿಲ್ ಇಟ್ಟುಕೊಂಡ ಮಿತಿ 12% ತೇವಾಂಶ, ಬಂದ ಲಾರಿಯಲ್ಲಿ 14% ಇದೆ ಅಂದುಕೊಳ್ಳಿ. ನಾಲ್ವರೂ ಕೈಯಲ್ಲಿ ಕಾಳು ಹಿಡಿದು ನೋಡುತ್ತಾರೆ, ‘ವಾಪಸ್ ಕಳಿಸಿ’ ಅನ್ನುವ ಅಧಿಕಾರ ಒಬ್ಬರ ಕಾಗದದಲ್ಲೂ ಇಲ್ಲ. ಹಮಾಲರು ಕಾಯುತ್ತಿರುತ್ತಾರೆ, ಮಾಲು ಇಳಿದುಬಿಡುತ್ತದೆ. 100 ಕ್ವಿಂಟಲ್ ಒಣಗಿ 12%ಕ್ಕೆ ಬರುವಷ್ಟರಲ್ಲಿ ಸುಮಾರು 97.73 ಕ್ವಿಂಟಲ್ ಉಳಿಯುತ್ತದೆ. ಕಡಿಮೆಯಾದ 2.27 ಕ್ವಿಂಟಲ್‌ಗೆ ಗೋದಾಮಿನವರು ಖರೀದಿಯವರ ಕಡೆ, ಖರೀದಿಯವರು ಕ್ವಾಲಿಟಿ ಕಡೆ ಬೆರಳು ತೋರಿಸುತ್ತಾರೆ. ತಪ್ಪು ಅವರದಲ್ಲ, ಆ ಕಾಗದಗಳದ್ದು.

ಆದ್ದರಿಂದ ‘ನೋಡಿಕೊಳ್ಳುವುದು’, ‘ಸಹಕರಿಸುವುದು’, ‘ಸಮನ್ವಯ ಸಾಧಿಸುವುದು’ ಅಂತ ಇರುವ ಪ್ರತಿ ವಾಕ್ಯವನ್ನೂ ಒಡೆಯಿರಿ. ಇಲ್ಲಿ ಅದು ನಾಲ್ಕು ಕೆಲಸವಾಗುತ್ತದೆ: ಸ್ಯಾಂಪಲ್ ತೆಗೆಯುವುದು, ತೇವಾಂಶ ಅಳೆದು ರಿಜಿಸ್ಟರಿನಲ್ಲಿ ಬರೆಯುವುದು, ಮಾಲು ಬೇಡವೆನ್ನುವುದು, ತೇವ ಹೆಚ್ಚಿದ್ದರೆ ಎಷ್ಟು ದರ ಕಡಿಯಬೇಕೆಂದು ನಿರ್ಧರಿಸುವುದು. ಎಕ್ಸೆಲ್‌ನಲ್ಲಿ ಕೆಲಸಕ್ಕೊಂದು ಸಾಲು, ಹುದ್ದೆಗೊಂದು ಕಾಲಂ ಮಾಡಿ. ಮಾಡುವವರಿಗೆ ‘ಮ’, ಕೊನೆಯ ಮಾತು ಹೇಳುವವರಿಗೆ ‘ಒ’, ತಿಳಿಸಿದರೆ ಸಾಕಾದವರಿಗೆ ‘ತಿ’ ಅಂತ ತುಂಬಿ. ಬಿ ಕಾಲಂನಿಂದ ಇ ತನಕ ನಾಲ್ಕು ಹುದ್ದೆ ಇದ್ದರೆ, ಎಫ್ ಕಾಲಂನಲ್ಲಿ ಇದನ್ನು ಹಾಕಿ:

```
=COUNTIF(B2:E2,"ಒ")
```

ಉತ್ತರ 1 ಬಂದರೆ ಸರಿ. 2 ಬಂದರೆ ಜಗಳ ಇದೆ, 0 ಬಂದರೆ ಆ ಕೆಲಸ ಅನಾಥ. ಹೆಚ್ಚಿನವರು 2 ಹುಡುಕುತ್ತಾರೆ. ನನ್ನ ಪ್ರಕಾರ 0 ಇರುವ ಸಾಲೇ ಹೆಚ್ಚು ಅಪಾಯ, ಯಾಕೆಂದರೆ ಅಲ್ಲಿ ಜಗಳವಾಗದೆ ನಷ್ಟ ಮಾತ್ರ ಆಗುತ್ತಿರುತ್ತದೆ. ‘ಮ’ ಎರಡು ಕಡೆ ಇದ್ದರೆ ಗಾಬರಿ ಬೇಡ. ತೂಕ ಮಾಡುವವನು ಬೇರೆ, ಬಿಲ್ ಪಾಸ್ ಮಾಡುವವನು ಬೇರೆ ಇರುವುದು ಬೇಕಂತಲೇ ಇಟ್ಟ ಕಾವಲು. ‘ಇಬ್ಬರೂ ಅದೇ ತೂಕದ ಚೀಟಿ ನೋಡುತ್ತಾರಲ್ಲ’ ಅಂತ ಒಬ್ಬನನ್ನು ತೆಗೆದರೆ ಕಳ್ಳತನಕ್ಕೆ ಬಾಗಿಲು ತೆರೆದಂತೆ.

ಯಾರು ಯಾರ ಕೈಕೆಳಗೆ ಅನ್ನುವುದನ್ನು ಎರಡೂ ತುದಿಯಿಂದ ನೋಡಬೇಕು. ಕ್ವಾಲಿಟಿ ಇನ್‌ಚಾರ್ಜ್ ಕಾಗದದಲ್ಲಿ ‘ಮಿಲ್ ಮ್ಯಾನೇಜರ್‌ಗೆ ವರದಿ’ ಎಂದಿದ್ದು, ಖರೀದಿ ಮ್ಯಾನೇಜರ್ ಕಾಗದದಲ್ಲಿ ‘ಖರೀದಿ ಮತ್ತು ಗುಣಮಟ್ಟ ಸಿಬ್ಬಂದಿಯ ಮೇಲ್ವಿಚಾರಣೆ’ ಎಂದಿದ್ದರೆ ಗೆರೆ ಕೂಡುವುದಿಲ್ಲ. ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ ಕೇಳಿ: ಬೆಳಿಗ್ಗೆ ಕೆಲಸ ಹೇಳುವವರು ಯಾರು, ರಜೆ ಅರ್ಜಿಗೆ ಸಹಿ ಯಾರದು, ವರ್ಷದ ಕೊನೆಗೆ ನಿಮ್ಮ ಕೆಲಸ ಅಳೆಯುವವರು ಯಾರು? ಮೂರಕ್ಕೂ ಒಂದೇ ಹೆಸರು ಬರಲೇಬೇಕೆಂದಿಲ್ಲ, ಆದರೆ ಬೇರೆ ಬಂದರೆ ಕಾರಣ ಬರೆದಿರಬೇಕು. ಖರೀದಿಯವರು ಕ್ವಾಲಿಟಿಯವರನ್ನು ಅಳೆಯುವಂತಿದ್ದರೆ, ಅವರು ಕೊಂಡ ಮಾಲಿಗೆ ಬೇಡ ಅನ್ನಲು ಆ ಹುಡುಗನಿಗೆ ಧೈರ್ಯ ಎಲ್ಲಿಂದ ಬರಬೇಕು?

ಕಾಗದವೊಂದನ್ನೇ ನಂಬಬೇಡಿ. ಹಿಂದಿನ ಸುಗ್ಗಿಯ 30 ಒಳಬರುವ ಚೀಟಿ ತೆಗೆದು ಯಾರ ಸಹಿ ಎಷ್ಟು ಬಾರಿ ಇದೆ ಎಣಿಸಿ. ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಹೆಸರೇ ಇಲ್ಲದ ಅಕೌಂಟ್ಸ್ ಗುಮಾಸ್ತನ ಸಹಿ ಅಲ್ಲಿ ಸಿಗಬಹುದು. ರಾತ್ರಿ ಪಾಳಿಯ ಚೀಟಿಗಳನ್ನು ಬೇರೆ ಮಾಡಿ ನೋಡಿ, ಹಗಲಿನ ಅಧಿಕಾರ ರಾತ್ರಿ ಬೇರೆಯವರ ಕೈಯಲ್ಲಿರಬಹುದು.

ಇಷ್ಟಾದ ಮೇಲೆ ಹೊಸ ವಾಕ್ಯ ಬರೆಯಿರಿ. ಕ್ವಾಲಿಟಿ ಇನ್‌ಚಾರ್ಜ್‌ಗೆ: ‘ತೇವಾಂಶ 12% ದಾಟಿದ ಲಾರಿಯನ್ನು ಇಳಿಸದಂತೆ ತಡೆಯುವುದು. ದರ ಕಡಿತ ಮಾಡಿ ಇಳಿಸಬೇಕಾದರೆ ಮಿಲ್ ಮ್ಯಾನೇಜರ್ ಬರಹದಲ್ಲಿ ಒಪ್ಪಬೇಕು. ಕ್ವಾಲಿಟಿ ಇನ್‌ಚಾರ್ಜ್ ರಜೆಯಲ್ಲಿದ್ದಾಗ ಪಾಳಿಯ ಸೂಪರ್‌ವೈಸರ್‌ಗೆ ಇದೇ ಅಧಿಕಾರ.’ ಉಳಿದ ಮೂರು ಕಾಗದಗಳಿಂದ ಗುಣಮಟ್ಟದ ಹಳೆಯ ಸಾಲನ್ನು ಅದೇ ದಿನ ಹೊಡೆದುಹಾಕಿ.