ಬಾಟಲಿಯೊಳಗಿನ ಮಾವ

ಅಕ್ಕನ ಮಗ ಹುಬ್ಬಳ್ಳಿಯಲ್ಲಿ ಸೆಂಟಿನ ಅಂಗಡಿ ಇಟ್ಟಿದ್ದಾನೆ. ಒಂದು ದುಂಡನೆಯ ಬಾಟಲಿ ತಂದುಕೊಟ್ಟು, "ಮಾಮಾ, ಹಿಂದ ಕರ್ರಗ ಇರಬೇಕು, ಮಂಜು ತೇಲಬೇಕು, ಬಾಟ್ಲಿ ಮಿಂಚಬೇಕು" ಅಂದ. ಮದುವೆ ಫೋಟೋ ತೆಗೆದವನಿಗೆ ಬಾಟಲಿ ಯಾವ ಲೆಕ್ಕ? ಬಾಟಲಿ ಕಣ್ಣು ಮುಚ್ಚುವುದೂ ಇಲ್ಲ, ಅಲ್ವಾ?

ಕಪ್ಪು ಪರದೆಗೆ ಹೆಂಡತಿಯ ಚಂದ್ರಕಾಳಿ ಸೀರೆಯನ್ನು ಕೇಳದೇ ಎತ್ತಿಕೊಂಡೆ. ಎದುರಿಗೆ ಲೈಟು ಹಾಕಿ ಕ್ಲಿಕ್ಕಿಸಿದೆ. ಬಂಗಾರದ ಬಣ್ಣದ ಸೆಂಟು ಕಷಾಯದ ಹಾಗೆ ಕಪ್ಪಾಗಿತ್ತು. ಗಾಜಿನ ಮೇಲೆ ಟ್ಯೂಬ್‌ಲೈಟ್ ಮಲಗಿತ್ತು. ಸೀರೆಯ ಕೆಂಪಂಚು ಬಾಟಲಿಯಿಂದ ಒಂದು ಮೊಳ ಆಚೆ ಇತ್ತು, ಫೋಟೋದ ಚೌಕಟ್ಟಿನಲ್ಲೇ ಇರಲಿಲ್ಲ. ಆದರೂ ಬಾಟಲಿಯ ಎರಡೂ ಬದಿಯಲ್ಲಿ ಕೆಂಪು ಗೆರೆ!

ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ದ್ರವ ತುಂಬಿದ ದುಂಡು ಬಾಟಲಿ ಅಂದರೆ ದಪ್ಪ ಮಸೂರ. ನಡುವಿನಲ್ಲಿ ಬೆನ್ನ ಹಿಂದಿನದು ಕಾಣುತ್ತದೆ. ಅಂಚಿಗೆ ಹೋದಷ್ಟೂ ಬೆಳಕು ಜಾಸ್ತಿ ಬಾಗಿ, ಅಕ್ಕಪಕ್ಕದ ಸಾಮಾನನ್ನೆಲ್ಲ ಎಳೆದು ತಂದು ತೋರಿಸುತ್ತದೆ. ಹಿಂದೆ ಕಪ್ಪು ಬಟ್ಟೆ ಇದ್ದರೆ ಸೆಂಟೂ ಕಪ್ಪೇ.

ಮನೆಯಲ್ಲಿ ಪೇಡಾ ಡಬ್ಬಿ ಖಾಲಿಯಾಗಿತ್ತು. (ಧಾರವಾಡದಲ್ಲಿ ಇದಕ್ಕೆ ಕೊರತೆಯಿಲ್ಲ.) ಮುಚ್ಚಳದ ಬಿಳಿ ರಟ್ಟನ್ನು ಬಾಟಲಿಯ ಆಕಾರಕ್ಕೇ, ಆದರೆ ಸುತ್ತಲೂ ಒಂದಿಷ್ಟು ಸಣ್ಣದಾಗಿ ಕತ್ತರಿಸಿದೆ. ಅದನ್ನು ಬಾಟಲಿಯ ಬೆನ್ನಿಗೆ ಅಡಗಿಸಿ ನಿಲ್ಲಿಸಿ, ಮೇಲಿನಿಂದ ಟಾರ್ಚ್ ಬಿಟ್ಟೆ. ಸೆಂಟು ಒಳಗಿನಿಂದಲೇ ಹೊತ್ತಿಕೊಂಡಂತೆ ಹೊಳೆಯಿತು! ರಟ್ಟು ಕೂದಲೆಳೆಯಷ್ಟು ಹೊರಗೆ ಇಣುಕಿದರೂ ಗುಟ್ಟು ರಟ್ಟು. ಎದುರಿನ ಲೈಟು ಆರಿಸಿ, ಬಾಟಲಿಯ ಹಿಂದೆ ಎರಡೂ ಪಕ್ಕದಲ್ಲಿ ಒಂದೊಂದು ದೀಪ ಇಟ್ಟೆ. ಗಾಜಿನ ಅಂಚಿಗೆ ಬೆಳ್ಳಿ ಗೆರೆ ಎಳೆದಂತಾಯಿತು.

ಇನ್ನು ಮಂಜು. ಸೆಂಟಿನಲ್ಲಿ ಸ್ಪಿರಿಟ್ ಇರುತ್ತದೆ, ಪಕ್ಕದಲ್ಲಿ ಬೆಂಕಿ ಬೇಡ. ಹಾಗಾಗಿ ಬಾಟಲಿ ಎತ್ತಿಟ್ಟು, ಊದುಬತ್ತಿಯ ಹೊಗೆಯನ್ನಷ್ಟೇ ಬೇರೆ ಫೋಟೋ ತೆಗೆದೆ. ಎದುರಿನ ಬೆಳಕಿಗೆ ಹೊಗೆ ಕಾಣಲೇ ಇಲ್ಲ. ಟಾರ್ಚನ್ನು ಹಿಂದಿನಿಂದ ಬಿಟ್ಟ ಕೂಡಲೇ ಸುರುಳಿ ಸುರುಳಿಯಾಗಿ ಬೆಳ್ಳಗೆ ಎದ್ದಿತು. ಫ್ಯಾನು ಹಾಕುವಂತಿಲ್ಲ. ಏಪ್ರಿಲ್ ತಿಂಗಳು. ಬನಿಯನ್ ಮೇಲೇ ಎಲ್ಲ ಕೆಲಸ. ಎಂಟನೇ ಊದುಬತ್ತಿಗೆ ಅವ್ವ ಒಳಗೆ ಬಂದು ಕೈ ಮುಗಿದಳು. "ಇದ್ಯಾವ ದೇವರಪಾ, ಮೂರ್ತೀನ ಇಲ್ಲ?" ಹೆಂಡತಿ ದೇವರನ್ನಲ್ಲ, ಸೀರೆಯನ್ನು ನೋಡಿದಳು. ಅದರ ವಿವರ ಬೇಡ.

ಕಂಪ್ಯೂಟರಿನಲ್ಲಿ ಎರಡೂ ಫೋಟೋ ಕೂಡಿಸಿದೆ. ಹೊಗೆಯ ಹಿಂದಿನ ಕಪ್ಪು ಕರಗಿ ಹೊಗೆಯಷ್ಟೇ ಉಳಿಯಿತು. ಅಳಿಯನಿಗೆ ಹೆಮ್ಮೆಯಿಂದ ಕಳಿಸಿದೆ. ಐದು ನಿಮಿಷಕ್ಕೆ ಫೋನ್.

"ಮಾಮಾ, ಭಾಳ ಛಲೋ ಬಂದೈತಿ. ಆದ್ರ ಮುಚ್ಚಳ ಒಂಚೂರು ದೊಡ್ಡದು ಮಾಡಿ ನೋಡ್ರಿ."

ನೋಡಿದೆ. ಗಾಜಿನ ಗಲಾಟೆಯಲ್ಲಿ ಬಂಗಾರದ ಬಣ್ಣದ ಗುಂಡು ಮುಚ್ಚಳವನ್ನು ಮರೆತೇಬಿಟ್ಟಿದ್ದೆ. ಅದರ ನಟ್ಟನಡುವೆ, ಕಡಲೆಕಾಳಿನಷ್ಟು ಗಾತ್ರದಲ್ಲಿ, ಬನಿಯನ್ ತೊಟ್ಟು ಕ್ಯಾಮೆರಾ ಹಿಡಿದು ನಾನು ಬಗ್ಗಿ ನಿಂತಿದ್ದೆ.

"ಬನಿಯನ್ ಅಂಗಡಿ ದೋಸ್ತ್ ಒಬ್ಬ ಅದಾನ," ಅಂದ ಅಳಿಯ. "ಅವನಿಗೂ ಕಳಸಲೇನು?"